‘ಹಲೋ ಮೇಡಂ’ ಎಂದವರಿಗೆ ಕೊಡುವ ಮೊದಲ ಉತ್ತರ

ಕೋಲಾರದಲ್ಲಿ ನಾನು ಫೋನಿನ ಮೂಲಕ ಇಂಗ್ಲಿಷ್ ಮಾತಿನ ಅಭ್ಯಾಸ ಮಾಡಿಸುತ್ತೇನೆ. ಕರೆ ಮಾಡುವವರಲ್ಲಿ ಹೆಚ್ಚಿನವರು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗ ಹುಡುಗಿಯರು. ಅವರ ಮೊದಲ ಮಾತು ಸಾಮಾನ್ಯವಾಗಿ “ಹಲೋ ಮೇಡಂ, ಇಂಗ್ಲಿಷ್ ಪ್ರಾಕ್ಟೀಸ್ ಮಾಡಬೇಕಿತ್ತು” ಎಂಬಷ್ಟೇ ಆಗಿರುತ್ತದೆ. ಯಾವ ಪಾಠ ಬೇಕು, ಎಷ್ಟು ದಿನ ಬೇಕು ಎಂಬುದು ಅವರ ತಲೆಯಲ್ಲಿ ಇನ್ನೂ ರೂಪುಗೊಂಡಿರುವುದಿಲ್ಲ. ಆ ಕ್ಷಣಕ್ಕೆ ಅವರು ಮಾತು ಆರಂಭಿಸಿದ್ದಾರೆ, ಅಷ್ಟೇ. ಆದ್ದರಿಂದ ನನ್ನ ಉತ್ತರವೂ ಮಾತಿನ ಮುಂದುವರಿಕೆಯಾಗಿರಬೇಕೇ ಹೊರತು ತರಗತಿಯ ಪೀಠಿಕೆಯಾಗಬಾರದು ಎಂಬುದು ನನ್ನ ನಿಲುವು.

ಎರಡು ಪ್ರಶ್ನೆಗಳನ್ನು ನಾನು ಆರಂಭದಲ್ಲಿ ಕೇಳುವುದೇ ಇಲ್ಲ. “ಹೌ ಆರ್ ಯು” ಎಂದರೆ “ಫೈನ್, ಥ್ಯಾಂಕ್ಯೂ” ಎಂಬ ಕಂಠಪಾಠದ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. “ನಿಮ್ಮ ಬಗ್ಗೆ ಹೇಳಿ” ಎಂದರೆ ಸಂದರ್ಶನಕ್ಕೆಂದು ಬಾಯಿಪಾಠ ಮಾಡಿಕೊಂಡ ‘ಮೈಸೆಲ್ಫ್’ನಿಂದ ಆರಂಭವಾಗುವ ನಾಲ್ಕು ವಾಕ್ಯಗಳು ಒಂದೇ ಉಸಿರಿನಲ್ಲಿ ಹೊರಬರುತ್ತವೆ, ಅವರಿಗೆ ನಿಜವಾಗಿ ಎಷ್ಟು ಇಂಗ್ಲಿಷ್ ಬರುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಬದಲಿಗೆ, ಉತ್ತರಕ್ಕೆ ಬೇಕಾದ ಪದಗಳು ಪ್ರಶ್ನೆಯೊಳಗೇ ಇರುವಂತೆ, ಎರಡರಲ್ಲಿ ಒಂದನ್ನು ಆರಿಸಿ ಹೇಳುವ ಪ್ರಶ್ನೆಯನ್ನು ಕೇಳುತ್ತೇನೆ.

ಮುಳಬಾಗಿಲು ಕಡೆಯ ಒಬ್ಬ ಯುವತಿಯೊಂದಿಗೆ ನಡೆದ ಮೊದಲ ಸಂಭಾಷಣೆಯನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಆಕೆ “ಹಲೋ ಮೇಡಂ, ಐ ವಾಂಟ್ ಸ್ಪೀಕ್ ಇಂಗ್ಲಿಷ್” ಎಂದಳು. ವಾಕ್ಯದಲ್ಲಿ ‘ಟು’ ಬಿಟ್ಟುಹೋಗಿತ್ತಾದರೂ ಅರ್ಥಕ್ಕೆ ಕುಂದಿರಲಿಲ್ಲವಾದ್ದರಿಂದ ನಾನು ಅದನ್ನು ಮುಟ್ಟದೆ, “ಹಲೋ! ಗ್ಲ್ಯಾಡ್ ಯು ಕಾಲ್ಡ್. ಆರ್ ಯು ಅಟ್ ಹೋಮ್ ಆರ್ ಅಟ್ ವರ್ಕ್?” ಎಂದು ಕೇಳಿದೆ. “ಹೋಮ್ ಮೇಡಂ” ಎಂಬ ಉತ್ತರ ಬಂತು. “ಡೇ ಶಿಫ್ಟ್ ಆರ್ ನೈಟ್ ಶಿಫ್ಟ್?” ಎಂದಾಗ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಇಂಥ ಮೌನವನ್ನು ತುಂಬಲು ಅವಸರಪಡಬಾರದು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಗಲೂ ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಮತ್ತೆ ಕೇಳಬೇಕು. ಪದ ಬದಲಿಸಿ ಕೇಳಿದರೆ, ಅರ್ಧ ಸಿದ್ಧವಾಗಿದ್ದ ಉತ್ತರವನ್ನು ಬಿಟ್ಟು ಅವರು ಹೊಸ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ತೊಡಗಬೇಕಾಗುತ್ತದೆ. ಇಲ್ಲಿ ಅದರ ಅಗತ್ಯ ಬರಲಿಲ್ಲ. “ನೈಟ್ ಶಿಫ್ಟ್. ಯೆಸ್ಟರ್ಡೇ ಬಸ್ ನಾಟ್ ಕಮ್” ಎಂದು ನಾನು ಕೇಳದಿದ್ದ ಸಂಗತಿಯನ್ನೂ ಆಕೆ ಸೇರಿಸಿದಳು. ಕೇಳದ ಮಾತು ತಾನಾಗಿ ಬಂದಾಗ ಆ ಎಳೆಯನ್ನೇ ಹಿಡಿದು ಹೋಗಬೇಕು.

“ಓ, ದ ಬಸ್ ಡಿಡಂಟ್ ಕಮ್? ವಾಟ್ ಡಿಡ್ ಯು ಡೂ?” ಎಂದೆ. ತಪ್ಪನ್ನು ಎತ್ತಿ ತೋರಿಸದೆ, ಸರಿಯಾದ ರೂಪವನ್ನು ನನ್ನ ಮಾತಿನಲ್ಲಿ ಬಳಸಿ ಮುಂದೆ ಸಾಗುವ ಕ್ರಮವಿದು. ಇದಕ್ಕೊಂದು ಮಿತಿಯಿದೆ. ರಾಯ್ ಲಿಸ್ಟರ್ ಮತ್ತು ಲೀಲಾ ರಾಂಟಾ ಅವರು ಕೆನಡಾದ ಫ್ರೆಂಚ್ ಕಲಿಕೆಯ ತರಗತಿಗಳ ಕುರಿತು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಅತಿ ಹೆಚ್ಚಾಗಿ ಬಳಸಿದ್ದು ಈ ಕ್ರಮವನ್ನೇ, ಆದರೆ ಮಕ್ಕಳು ತಮ್ಮ ಮಾತನ್ನು ತಿದ್ದಿಕೊಳ್ಳುವಂತೆ ಮಾಡುವುದರಲ್ಲಿ ಅದು ಹಿಂದಿತ್ತು ಎಂದು ಕಂಡುಬಂತು. ಕಲಿಯುವವರು ಅದನ್ನು ತಿದ್ದುಪಡಿಯೆಂದು ತಿಳಿಯದೆ ಒಪ್ಪಿಗೆಯೆಂದು ಭಾವಿಸುವುದುಂಟು. ಫೋನಿನಲ್ಲಿ ಇದನ್ನು ಗುರುತಿಸುವುದು ಸುಲಭ: ಸರಿಯಾದ ರೂಪ ಮುಂದಿನ ವಾಕ್ಯದಲ್ಲಿ ಮರಳಿ ಬಂದರೆ ಅದು ಕಿವಿಗೆ ಬಿದ್ದಿದೆ, “ಯೆಸ್ ಮೇಡಂ” ಎಂದು ಮುಂದೆ ಹೋದರೆ ಬಿದ್ದಿಲ್ಲ.

ಆಕೆ “ಐ ಡಿಡಂಟ್ ವೆಂಟ್. ಐ ಕಾಲ್ಡ್ ಸೂಪರ್‌ವೈಸರ್” ಎಂದಳು. ‘ಡಿಡಂಟ್’ ಬಂದಿತ್ತು, ಅಂದರೆ ಅರ್ಧ ಕೆಲಸ ಆಗಿತ್ತು. ಭೂತಕಾಲವನ್ನು ಮಾತ್ರ ಆಕೆ ಎರಡು ಕಡೆ ಹಾಕಿದ್ದಳು. ಈಗ ನಾನು “ಡಿಡಂಟ್...?” ಎಂದು ದನಿ ಏರಿಸಿ ನಿಲ್ಲಿಸಿದೆ. ಕ್ಷಣಕಾಲ ಯೋಚಿಸಿ “ಡಿಡಂಟ್ ಗೋ” ಎಂದು ಆಕೆಯೇ ಸರಿಪಡಿಸಿಕೊಂಡಳು. ಒಂದು ಕರೆಯಲ್ಲಿ ಹೀಗೆ ನಿಲ್ಲಿಸಿ ತಿದ್ದಿಸುವುದು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಅಂದು ಅದು ‘ಡಿಡಂಟ್’ ಮಾತ್ರ. ಉಳಿದ ತಪ್ಪುಗಳು, ಅರ್ಥ ಕೆಡದಿದ್ದರೆ, ಇನ್ನೊಂದು ದಿನಕ್ಕೆ ಇರಲಿ.

ಬಳಿಕ ಬಸ್ಸಿನ ಕಥೆಯನ್ನು ಮೊದಲಿನಿಂದ ಹೇಳಿಸಿ, ಅದನ್ನೇ ಇನ್ನೂ ಕಡಿಮೆ ಸಮಯದಲ್ಲಿ ಮತ್ತೆ ಹೇಳಿಸಿದೆ. ಭಾಷಾ ಶಿಕ್ಷಕರು ನಾಲ್ಕು, ಮೂರು, ಎರಡು ನಿಮಿಷಗಳೆಂದು ಇಳಿಸುತ್ತ ಮಾಡಿಸುವ ಅಭ್ಯಾಸ ಇದೇ. ಹೊಸಬರಿಗೆ ನಾಲ್ಕು ನಿಮಿಷ ದೀರ್ಘವಾಗುವುದರಿಂದ ನಾನು ಒಂದು ನಿಮಿಷದಿಂದ ಆರಂಭಿಸುತ್ತೇನೆ. ವಿಷಯ ಹೊಸದಲ್ಲವಾದ್ದರಿಂದ ಎರಡನೆಯ ಸಲ ತಡವರಿಕೆ ಸ್ಪಷ್ಟವಾಗಿ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೆಯೇ ನಾನು ಕನ್ನಡಕ್ಕೆ ತಿರುಗಿ, “ಇಂಗ್ಲಿಷ್ ನಿಮಗೆ ಎಲ್ಲಿ ಬೇಕಾಗಿದೆಯಮ್ಮ?” ಎಂದು ಕೇಳಿದೆ. ಕಾರ್ಖಾನೆಗೆ ಆಡಿಟ್‌ಗೆಂದು ಬಂದವರು ತಾನು ಕೆಲಸ ಮಾಡುವ ಲೈನಿನಲ್ಲಿ ನಿಂತು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ ಎಂದಳು. ಅವರು ಕೇಳುವ ಪ್ರಶ್ನೆಗಳನ್ನು ನೆನಪಿದ್ದಷ್ಟು ಕನ್ನಡದಲ್ಲೇ ಬರೆದಿಟ್ಟುಕೊಳ್ಳಲು ತಿಳಿಸಿ, ಮುಂದಿನ ಕರೆಯನ್ನು ಆ ಪ್ರಶ್ನೆಗಳಿಂದಲೇ ಆರಂಭಿಸುವುದೆಂದು ಇಬ್ಬರೂ ಒಪ್ಪಿಕೊಂಡೆವು.