ಟಿಪ್ಪಿ ಟಾಪ್ ತಲೆಕೆಳಗಾಗುವ ಲೆಕ್ಕ: ನನ್ನ ಅನುಭವ

ಟಿಪ್ಪಿ ಟಾಪ್ ಅಂದರೆ ಗುಂಡಗಿನ ಬುಗುರಿ, ಮೇಲೊಂದು ಗಿಡ್ಡ ಕಡ್ಡಿ. ಕಡ್ಡಿ ಹಿಡಿದು ಜೋರಾಗಿ ತಿರುಗಿಸಿ ಬಿಟ್ಟರೆ ವಾಲುತ್ತಾ ವಾಲುತ್ತಾ ಕೊನೆಗೆ ಕಡ್ಡಿಯ ಮೇಲೇ ನಿಂತು ತಿರುಗುತ್ತದೆ. ಭಾರದ ಭಾಗ ತಾನಾಗೇ ಮೇಲಕ್ಕೆ ಹೋಗುತ್ತದೆ. ಇದನ್ನು ಲೆಕ್ಕ ಹಾಕಿ ನೋಡಬೇಕು ಅಂತ ನಾನೇ ಒಂದು ಮಾಡಿಕೊಂಡೆ.

15 ಮಿ.ಮೀ. ತ್ರಿಜ್ಯದ ಮರದ ಗುಂಡು, ಮೇಲಿನಿಂದ ಟೊಳ್ಳು ಕೊರೆದು ಕಡ್ಡಿ ಅಂಟಿಸಿದ್ದು. ತೂಕ ಸುಮಾರು 10 ಗ್ರಾಂ. ಟೊಳ್ಳು ಮಾಡಿದ್ದರಿಂದ ಗುರುತ್ವ ಕೇಂದ್ರ ಗುಂಡಿನ ನಡುವಿಗಿಂತ ಕೆಳಗೆ ಬಂತು. ಎಷ್ಟು ಕೆಳಗೆ ಅಂತ ತಿಳಿಯಲು ಸುಲಭ ದಾರಿ ಇದೆ. ಗುಂಡಿನ ನಡುಪಟ್ಟಿಯ ಮೇಲೆ ಒಂದು ಕಡೆ ದಾರ ಅಂಟಿಸಿ ತೂಗು ಹಾಕಿ. ಗುರುತ್ವ ಕೇಂದ್ರ ದಾರದ ನೇರಕ್ಕೆ ಬರಬೇಕಾದ್ದರಿಂದ ಕಡ್ಡಿಯ ತುದಿ ಸ್ವಲ್ಪ ಮೇಲಕ್ಕೆ ಏಳುತ್ತದೆ. ನನ್ನದು ಅಡ್ಡಗೆರೆಯಿಂದ 11 ಡಿಗ್ರಿ ಎದ್ದಿತು. ಅಂದರೆ ನಡುವಿನಿಂದ 3 ಮಿ.ಮೀ. ಕೆಳಗೆ. ಈ ಎರಡು ಅಂಕಿ, 15 ಮತ್ತು 3, ನೆನಪಿಟ್ಟುಕೊಳ್ಳಿ. ಆಟವೆಲ್ಲ ಇವೆರಡರದ್ದೇ.

ಈಗ ಬುಗುರಿ ಸ್ವಲ್ಪ ವಾಲಿದೆ ಅಂದುಕೊಳ್ಳಿ. ಅದು ಸುತ್ತುವುದು ಗುರುತ್ವ ಕೇಂದ್ರದ ಮೂಲಕ ಹೋಗುವ ನೆಟ್ಟಗಿನ ಗೆರೆಯ ಸುತ್ತ. ನೆಲ ಮುಟ್ಟುವ ಬಿಂದು ಮಾತ್ರ ಗುಂಡಿನ ನಡುವಿನ ನೇರ ಕೆಳಗಿರುತ್ತದೆ. ಎರಡೂ ಒಂದೇ ಗೆರೆಯಲ್ಲಿಲ್ಲ, ಅಲ್ವಾ? ಹಾಗಾಗಿ ಆ ಬಿಂದು ಉರುಳುವುದಿಲ್ಲ, ನೆಲದ ಮೇಲೆ ಉಜ್ಜಿಕೊಂಡು ಜಾರುತ್ತದೆ. ಸೆಕೆಂಡಿಗೆ 20 ಸುತ್ತು, 30 ಡಿಗ್ರಿ ವಾಲು ಇದ್ದಾಗ ಜಾರುವ ವೇಗ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಘರ್ಷಣೆ ಇದಕ್ಕೆ ಎದುರಾಗಿ ತಳ್ಳುತ್ತದೆ. ಬುಗುರಿಯನ್ನು ತಿರುವಿ ಹಾಕುವುದು ಈ ತಳ್ಳುವಿಕೆಯೇ.

ಈ ಒಂದೇ ಬಲ ಎರಡು ಕೆಲಸ ಮಾಡುತ್ತದೆ. ನೆಟ್ಟಗಿನ ಗೆರೆಯ ಸುತ್ತಲಿನ ಕೋನೀಯ ಸಂವೇಗವನ್ನು ಕಡಿಮೆ ಮಾಡುತ್ತದೆ. ಕಡ್ಡಿಯ ಸುತ್ತಲಿನ ಕೋನೀಯ ಸಂವೇಗವನ್ನೂ ಕಡಿಮೆ ಮಾಡುತ್ತದೆ. ಆದರೆ ಟಾರ್ಕ್ ಎರಡಕ್ಕೂ ಒಂದೇ ಅಲ್ಲ. ಮೊದಲನೆಯದಕ್ಕೆ ಸಿಗುವ ತೋಳು 3 ಮಿ.ಮೀ. ಲೆಕ್ಕದ್ದು, ಎರಡನೆಯದಕ್ಕೆ 15 ಮಿ.ಮೀ. ಲೆಕ್ಕದ್ದು. ಕಡ್ಡಿಯ ಪಾಲು ಐದು ಪಟ್ಟು ಬೇಗ ಕರಗುತ್ತದೆ.

ಒಟ್ಟು ಕೋನೀಯ ಸಂವೇಗ ಹೆಚ್ಚುಕಡಿಮೆ ನೆಟ್ಟಗೇ ನಿಂತಿದೆ, ಕಡ್ಡಿಯ ದಿಕ್ಕಿನ ಪಾಲು ಮಾತ್ರ ಕುಗ್ಗುತ್ತಿದೆ. ಹಾಗಾಗಬೇಕಾದರೆ ಕಡ್ಡಿ ವಾಲಲೇಬೇಕು. 90 ಡಿಗ್ರಿ ಹತ್ತಿರ ಆ ಪಾಲು ಸೊನ್ನೆಯಾಗುತ್ತದೆ, ಆಮೇಲೆ ಉಲ್ಟಾ ಬೆಳೆಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಗುಂಡಿನ ಮೇಲೆ ಬಾಣದ ಗುರುತು ಬರೆದು ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಹಾಕಿದೆ. ಮೇಲಿನಿಂದ ನೋಡಿದರೆ ಬುಗುರಿ ಮೊದಲೂ ಕೊನೆಗೂ ಗಡಿಯಾರದ ಮುಳ್ಳಿನ ದಿಕ್ಕಲ್ಲೇ ಸುತ್ತುತ್ತದೆ. ಬಾಣ ಮಾತ್ರ ಮೊದಲು ತನ್ನ ಮೊನೆ ಮುಂದಿಟ್ಟು ಓಡುತ್ತಿತ್ತು, ತಿರುವಿದ ಮೇಲೆ ಬಾಲ ಮುಂದಿಟ್ಟು ಓಡುತ್ತದೆ. ನಡುವೆ ಒಂದು ಗಳಿಗೆ ಬುಗುರಿ ಅಡ್ಡ ಮಲಗಿ, ತನ್ನ ಕಡ್ಡಿಯ ಸುತ್ತ ತಿರುಗುವುದನ್ನೇ ನಿಲ್ಲಿಸಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಫ್ರೇಮ್ ಅದೇ.

ಐದಕ್ಕೊಂದರ ಈ ಅನುಪಾತದಿಂದ ಇನ್ನೊಂದು ಲೆಕ್ಕವೂ ಬರುತ್ತದೆ. ಜೆಲ್ಲೆಟ್ ಎಂಬ ಐರಿಷ್ ಗಣಿತಜ್ಞ 19ನೇ ಶತಮಾನದಲ್ಲೇ ಇದನ್ನು ಕಂಡುಕೊಂಡಿದ್ದ. ಗುಂಡು ನೆಲ ಮುಟ್ಟಿರುವಷ್ಟು ಹೊತ್ತು R·Lz − a·L3 ಬದಲಾಗುವುದಿಲ್ಲ. ಇಲ್ಲಿ R 15 ಮಿ.ಮೀ., a 3 ಮಿ.ಮೀ., Lz ನೆಟ್ಟಗಿನ ಪಾಲು, L3 ಕಡ್ಡಿಯ ಪಾಲು. ಪೂರ್ತಿ ತಿರುವಿದಾಗ ವೇಗ ಮೊದಲಿನ (15−3)/(15+3) ಪಟ್ಟು, ಅಂದರೆ ಮೂರರಲ್ಲಿ ಎರಡು ಪಾಲು. 20 ಸುತ್ತಿನಿಂದ ಹೊರಟರೆ ಸುಮಾರು 13ಕ್ಕೆ ಇಳಿಯಬೇಕು. ಘರ್ಷಣೆ ಜಾಸ್ತಿ ಇರಲಿ ಕಡಿಮೆ ಇರಲಿ, ಈ ಅಂಕಿ ಅದೇ. ಘರ್ಷಣೆ ನಿರ್ಧರಿಸುವುದು ಎಷ್ಟು ಹೊತ್ತು ಬೇಕು ಅನ್ನುವುದನ್ನು. ಗುಣಾಂಕ 0.2 ಇದ್ದರೆ ನನ್ನ ಬುಗುರಿಗೆ ಒಂದು ಸೆಕೆಂಡಿನ ಆಸುಪಾಸು ಸಾಕು. ಎಣ್ಣೆ ಸವರಿದ ಗಾಜಿನ ಮೇಲೆ ಎಳೆದಾಡುತ್ತದೆ, ಅಷ್ಟರಲ್ಲಿ ವೇಗವೇ ಸಾಯುತ್ತದೆ.

ಮೇಲೇರಲು ಶಕ್ತಿ ಎಲ್ಲಿಂದ? ತಿರುಗುವಿಕೆಯಿಂದಲೇ. ತುಂಬು ಗುಂಡು ಅಂತ ಹಿಡಿದು ಅಂದಾಜು ಮಾಡಿದರೆ ಮೊದಲು ಸುಮಾರು 7 ಮಿಲಿಜೂಲ್ ಇರುತ್ತದೆ, ಕೊನೆಗೆ 3 ಚಿಲ್ಲರೆ ಉಳಿಯುತ್ತದೆ. ಗುರುತ್ವ ಕೇಂದ್ರವನ್ನು 6 ಮಿ.ಮೀ. ಎತ್ತಲು ಬೇಕಾಗುವುದು 0.6 ಮಾತ್ರ, ಮಿಕ್ಕಿದ್ದು ಶಾಖ. ಇದನ್ನೇ ಹಿಂದಿನಿಂದ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 8 ಸುತ್ತಿಗಿಂತ ಕಡಿಮೆ ಇದ್ದಾಗ ಎಂಥ ನೆಲವಾದರೂ ಪೂರ್ತಿ ತಿರುವಲಾರದು. ಹಾಗೆ ಮೆಲ್ಲಗೆ ಬಿಟ್ಟರೆ ಬುಗುರಿ ಸುಮ್ನೆ ಅರ್ಧ ವಾಲಿಕೊಂಡು ತೂರಾಡಿ, ಕಡ್ಡಿ ಮೇಲೇ ಇಟ್ಟುಕೊಂಡು ನಿಂತುಬಿಡುತ್ತದೆ.