ನಾಲ್ಕನೇ ಹಾಪ್‌ನ ಶೇ 68, ಎರಡನೇ ಹಾಪ್‌ನ ಶೇ 6

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹೋದ ಮಳೆಗಾಲದಲ್ಲಿ ಮಳೆ ಜೋರಾದಾಗಲೆಲ್ಲ ವಿಡಿಯೊ ಕಾಲ್‌ನಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಒಂದು ಸಂಜೆ ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ಐದು ನಿಮಿಷ ಎಂಟಿಆರ್ ಓಡಿಸಿದೆ. 1.1.1.1 ಎಂಬ ಹೊರಗಿನ ಸರ್ವರ್‌ವರೆಗಿನ ದಾರಿಯಲ್ಲಿ ಸಿಗುವ ಒಂದೊಂದು ನಿಲ್ದಾಣಕ್ಕೂ, ಅಂದರೆ ಹಾಪ್‌ಗೂ, ಕಳಿಸಿದ ಪ್ಯಾಕೆಟ್‌ಗಳಲ್ಲಿ ಶೇಕಡಾ ಎಷ್ಟಕ್ಕೆ ಉತ್ತರ ಬರಲಿಲ್ಲ ಅಂತ ಈ ಪ್ರೋಗ್ರಾಂ ತೋರಿಸುತ್ತದೆ.

```
mtr -n -r -c 300 1.1.1.1

1. 192.168.1.1   0.0%
2. 10.20.0.1     6.3%
3. 10.20.4.9     5.7%
4. 10.20.8.2    68.0%
5. 10.20.9.1     6.0%
6. 1.1.1.1       6.0%
```

ಪಟ್ಟಿಯನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಮೊದಲು ಕಣ್ಣಿಗೆ ಬೀಳುವುದು ಆ 68 ಅಲ್ವಾ? ಆದರೆ ನಾನು ಓದುವುದು ಕೆಳಗಿನಿಂದ. ನಾಲ್ಕನೇ ರೌಟರ್ ನಿಜವಾಗಿ ಅಷ್ಟು ಪ್ಯಾಕೆಟ್ ಬೀಳಿಸಿದ್ದರೆ, ಅದನ್ನು ದಾಟಿ ಹೋಗುವ ಐದು, ಆರನೇ ಹಾಪ್‌ಗಳಲ್ಲೂ ಅಷ್ಟೇ ನಷ್ಟ ಕಾಣಬೇಕಿತ್ತು. ಅಲ್ಲಿ ಆರೇ ಇದೆ. ಅಂದರೆ ಆ ರೌಟರ್ ಪ್ಯಾಕೆಟ್‌ಗಳನ್ನು ಸರಿಯಾಗಿಯೇ ಮುಂದೆ ಕಳಿಸುತ್ತಿದೆ. ಎಂಟಿಆರ್ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಅದರ ಸಿಪಿಯು. ಆ ಉತ್ತರಗಳಿಗೆ ಸೆಕೆಂಡಿಗೆ ಇಷ್ಟೇ ಅಂತ ಮಿತಿ ಹಾಕಿರುತ್ತಾರೆ. ಅದರಿಂದ ಯಾರಿಗೂ ತೊಂದರೆ ಇಲ್ಲ.

ಖಾತ್ರಿ ಮಾಡಿಕೊಳ್ಳಲು ನಿಧಾನವಾಗಿ, ಐದು ಸೆಕೆಂಡಿಗೆ ಒಂದರಂತೆ ಮತ್ತೆ ಕಳಿಸಿದೆ.

```
mtr -n -r -c 100 -i 5 1.1.1.1
```

ನಾಲ್ಕನೇ ಹಾಪ್ ಶೇ 7ಕ್ಕೆ ಇಳಿಯಿತು. ಉಳಿದವು ಆರರ ಆಸುಪಾಸಿನಲ್ಲೇ ನಿಂತವು. ವೇಗ ತಗ್ಗಿಸಿದಾಗ ಇಳಿದದ್ದು ಮಿತಿ, ಇಳಿಯದೆ ಉಳಿದದ್ದು ನಿಜವಾದ ನಷ್ಟ. (ಬೇರೆಯವರ ಪ್ರಶ್ನೆಗಳೂ ಅದೇ ಮಿತಿಯನ್ನು ತಿನ್ನುವುದರಿಂದ ಕೆಲವೊಮ್ಮೆ ನಿಧಾನ ಮಾಡಿದರೂ ಇಳಿಯುವುದಿಲ್ಲ. ಆಗ ಕೊನೆಯ ಸಾಲನ್ನೇ ನಂಬಬೇಕು.)

ಆ ಆರು ಎರಡನೇ ಹಾಪ್‌ನಲ್ಲಿ ಶುರುವಾಗಿ ಕೊನೆಯವರೆಗೂ ಹಿಂಬಾಲಿಸುತ್ತದೆ. ಮನೆಯ ರೌಟರ್‌ವರೆಗೆ ಸೊನ್ನೆ. ಹಾಗಾದರೆ ತೊಂದರೆ ನಮ್ಮ ಮನೆಯಿಂದ ಇಂಟರ್ನೆಟ್ ಕಂಪನಿಯ ಮೊದಲ ಪೆಟ್ಟಿಗೆಯವರೆಗಿನ ದಾರಿಯಲ್ಲಿ. ಹೋಗುವಾಗ ಬಿತ್ತೋ, ಬರುವಾಗ ಬಿತ್ತೋ ಎಂಟಿಆರ್ ಹೇಳುವುದಿಲ್ಲ. ಇಲ್ಲಿ ಎರಡಕ್ಕೂ ಇರುವುದು ಒಂದೇ ಫೈಬರ್.

ಕೊನೆಗೆ ಪಿಂಗ್. ಅದು ನಡುವಿನ ರೌಟರ್‌ಗಳನ್ನು ಮಾತನಾಡಿಸುವುದೇ ಇಲ್ಲ.

```
ping -c 300 1.1.1.1
300 packets transmitted, 282 received, 6% packet loss
```

300 ಯಾಕೆ ಅಂದರೆ, ಹತ್ತೇ ಕಳಿಸಿದರೆ ಒಂದು ಬಿದ್ದರೂ ಶೇ 10 ಅಂತ ತೋರಿಸುತ್ತದೆ. ಮಾರನೇ ದಿನ ಮಳೆ ಬಿಟ್ಟಾಗ ಇದೇ ಪಿಂಗ್‌ನಲ್ಲಿ 300ಕ್ಕೆ 300 ಬಂತು. ಎರಡೂ ಫಲಿತಾಂಶ ಕಂಪನಿಗೆ ಕಳಿಸಿದೆ. 68ರ ಮಾತನ್ನೇ ಎತ್ತಲಿಲ್ಲ. ಎರಡನೇ ಹಾಪ್‌ನಿಂದ ನಷ್ಟ, ಮಳೆ ಬಂದಾಗ ಮಾತ್ರ, ಅಂತ ಎರಡು ಸಾಲು ಬರೆದೆ.

ಬಂದ ಹುಡುಗ ಸೀದಾ ಅಡಿಕೆ ತೋಟದ ಅಂಚಿನ ಕಂಬ ಹತ್ತಿದ. "ಸಾರ್, ಡಬ್ಬಿ ಮುಚ್ಚಳ ಬಿರುಕು ಬಿಟ್ಟಿದೆ, ಕನೆಕ್ಟರ್ ಪೂರ್ತಿ ಒದ್ದೆ" ಅಂದ. ಕನೆಕ್ಟರ್, ಡಬ್ಬಿ ಎರಡೂ ಬದಲಾಯಿಸಿದ.

ಆಮೇಲೆ ಎಂಥಾ ಮಳೆಗೂ ಪಿಂಗ್‌ನಲ್ಲಿ ಒಂದೂ ಬೀಳಲಿಲ್ಲ. ನಾಲ್ಕನೇ ಹಾಪ್ ಈಗಲೂ ಶೇ 65ರ ಹತ್ತಿರವೇ ತೋರಿಸುತ್ತದೆ.