ಇಸ್ಕೂಲಿಗೆ ‘ಇ’ ಮುಂದೆ, ಸಿಲೇಟಿಗೆ ‘ಇ’ ನಡುವೆ: ಸಿಲಬಲ್ ಬಿಡಿಸಿ ನೋಡಿದ ನನ್ನ ಅನುಭವ

ನಮ್ಮೂರಿನ ಹಿರಿಯರ ಬಾಯಲ್ಲಿ ಇಂಗ್ಲಿಷ್ ಪದಗಳು ಹೇಗೆ ಬರುತ್ತವೋ ಹಾಗೇ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿದೆ. ಇಸ್ಕೂಲು, ಇಸ್ಟೈಲು, ಸಿಲೇಟು, ಗಲಾಸು, ಪಲೇಟು. ಇವೆಲ್ಲ ಒತ್ತಕ್ಷರವನ್ನು ಬಿಡಿಸಿಕೊಂಡ ಪದಗಳು. ಆದರೆ ಸ್ವರ ಸೇರಿರುವ ಜಾಗ ಬೇರೆ ಬೇರೆ. ಸ್ಕೂಲಿಗೆ ಸ್ವರ ಮುಂದೆ ಬಂತು, ಸ್ಲೇಟಿಗೆ ನಡುವೆ ಬಂತು. ‘ಇಸ್ಲೇಟು’ ಅಂತ ನಾನು ಯಾರ ಬಾಯಲ್ಲೂ ಕೇಳಿಲ್ಲ. ಇದು ಯಾಕೆ ಅಂತ ಹುಡುಕಲು ಹೊರಟೆ.

ಮೊದಲು ಮಾಡಿದ ಕೆಲಸ ಅಕ್ಷರವನ್ನು ಮರೆತು ಸಿಲಬಲ್, ಅಂದರೆ ಹೇಳುವಾಗ ಒಟ್ಟಿಗೆ ಹೊರಡುವ ದನಿಗಳ ತುಣುಕು, ಹಿಡಿದಿದ್ದು. ಪ್ರತಿ ಸಿಲಬಲ್‌ನ ನಡುವೆ ಒಂದು ಸ್ವರ ಇರುತ್ತದೆ, ಅದು ನ್ಯೂಕ್ಲಿಯಸ್. ಆ ಸ್ವರಕ್ಕಿಂತ ಮೊದಲು ಬರುವ ವ್ಯಂಜನ ಆನ್‌ಸೆಟ್, ಸ್ವರ ಆದಮೇಲೆ ಬರುವುದು ಕೋಡಾ. ನಮ್ಮ ಲಿಪಿ ಇದನ್ನು ತೋರಿಸುವುದಿಲ್ಲ. ‘ಪುಸ್ತಕ’ವನ್ನು ಪು-ಸ್ತ-ಕ ಅಂತ ಬರೆಯುತ್ತೇವೆ, ಆದರೆ ಹೇಳುವಾಗ ಪುಸ್-ತ-ಕ. ‘ಸ್’ ಇರುವುದು ಮೊದಲ ಸಿಲಬಲ್‌ನ ಕೋಡಾದಲ್ಲಿ.

ಇದಕ್ಕೆ ನಾನು ಬಳಸುವ ಪರೀಕ್ಷೆ ಶಾಲೆಯಲ್ಲಿ ಕಲಿತ ಪ್ರಸ್ತಾರವೇ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಕಲಿತಿದ್ದೇವೆ, ಅಲ್ವಾ? ಆ ಅಕ್ಷರ ಗುರುವಾಗುವುದು ಒತ್ತಕ್ಷರದ ಮೊದಲ ವ್ಯಂಜನ ಹಿಂದಕ್ಕೆ ಸರಿದು ಕೋಡಾ ಆಗುವುದರಿಂದ. ಹಾಗಾಗಿ ಪುಸ್ತಕಕ್ಕೆ ಗುರು, ಲಘು, ಲಘು.

ಈಗ ‘ಸ್’ನಿಂದ ಶುರುವಾಗುವ ಒತ್ತಕ್ಷರವನ್ನು ಎರಡು ಜಾಗದಲ್ಲಿ ನೋಡಿ. ಪುಸ್ತಕ ನಮ್ಮಲ್ಲಿ ‘ಹೊತ್ತಗೆ’ ಆಯಿತು. ‘ಸ್’ ಹೋದರೂ ಅದರ ಜಾಗ ಉಳಿಯಿತು, ಅಲ್ಲಿ ‘ತ್’ ಬಂದು ಕೂತಿತು: ಹೊತ್-ತ-ಗೆ. ಮೊದಲಿನ ಗುರು ಗುರುವಾಗಿಯೇ ಇದೆ. ಆದರೆ ‘ಸ್ಥಾನ’ ಆಗಿದ್ದು ‘ತಾಣ’. ಇಲ್ಲಿ ‘ಸ್’ ಪೂರ್ತಿ ಬಿದ್ದುಹೋಯಿತು. ಪದದ ಶುರುವಿನಲ್ಲಿ ಅದಕ್ಕೆ ಸರಿದು ಕೂರಲು ಹಿಂದೆ ಸಿಲಬಲ್ ಇಲ್ಲ, ಅಚ್ಚಗನ್ನಡದ ಆನ್‌ಸೆಟ್‌ನಲ್ಲಿ ಎರಡು ವ್ಯಂಜನಕ್ಕೆ ಜಾಗವೂ ಇಲ್ಲ. ಸ್ಟೇಷನ್ನನ್ನು ‘ಟೇಸನ್ನು’ ಅನ್ನುವವರು ಮಾಡುವುದೂ ಇದನ್ನೇ.

ಬೀಳಿಸದೆ ಉಳಿಸಿಕೊಳ್ಳಬೇಕಾದರೆ ಒಂದು ಸ್ವರ ಬೇಕು. ಅದು ಎಲ್ಲಿ ಬರಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಸೊನಾರಿಟಿಯಲ್ಲಿ. ಸೊನಾರಿಟಿ ಅಂದರೆ ಒಂದು ದನಿ ಎಷ್ಟು ತೆರೆದು ಮೊಳಗುತ್ತದೆ ಅನ್ನುವುದು. ಕ, ಗ, ತ, ಪ ಎಲ್ಲಕ್ಕಿಂತ ಕೆಳಗೆ. ಅವುಗಳ ಮೇಲೆ ಸ, ಆಮೇಲೆ ನ, ಮ, ಆಮೇಲೆ ಲ, ರ. ಸ್ವರ ತುತ್ತತುದಿಯಲ್ಲಿ. ಎರಡು ಸಿಲಬಲ್ ಕೂಡುವ ಕಡೆ ಹಿಂದಿನದರ ಕೋಡಾ ಮೇಲಿದ್ದು ಮುಂದಿನದರ ಆನ್‌ಸೆಟ್ ಕೆಳಗಿದ್ದರೆ ಭಾಷೆಗಳಿಗೆ ಹಿತ. ‘ಇಸ್-ಕೂ-ಲು’ ಹಾಗೇ ಇದೆ: ‘ಸ್’ ಮೇಲೆ, ‘ಕ’ ಕೆಳಗೆ. ‘ಇಸ್-ಲೇ-ಟು’ ಮಾಡಿದರೆ ‘ಸ್’ ಕೆಳಗಾಗಿ ‘ಲ’ ಮೇಲಾಗುತ್ತದೆ. ‘ಇಗ್-ಲಾ-ಸು’ ಇನ್ನೂ ಕಷ್ಟ. ಅದಕ್ಕೇ ಸ್ವರ ನಡುವೆ ನುಗ್ಗಿ ಸಿ-ಲೇ-ಟು, ಗ-ಲಾ-ಸು ಆದವು. ‘ರತ್ನ’ ಹಳಗನ್ನಡದಲ್ಲಿ ‘ರನ್ನ’ ಆಗಿದ್ದಕ್ಕೂ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ‘ತ್’ನಿಂದ ‘ನ’ಕ್ಕೆ ಏರುವ ಮೆಟ್ಟಿಲು ಅಲ್ಲಿ ಸಮವಾಯಿತು.

ಪದದ ಕೊನೆಯಲ್ಲೂ ಇಷ್ಟೇ ಅಚ್ಚುಕಟ್ಟು. ಹಳಗನ್ನಡದಲ್ಲಿ ಕಲ್, ಕಾಲ್ ಅಂತ ಕೋಡಾದಲ್ಲೇ ಪದ ಮುಗಿಯುತ್ತಿತ್ತು. ಆಮೇಲಿನ ಕನ್ನಡ ಅದನ್ನು ಬಿಟ್ಟು ‘ಉ’ ಸೇರಿಸಿತು. ಕಾಲ್ ‘ಕಾಲು’ ಆಯಿತು, ಆದರೆ ಕಲ್ ‘ಕಲ್ಲು’ ಆಯಿತು. ‘ಕಾ’ ದೀರ್ಘ ಇರುವುದರಿಂದ ಸುಮ್ನೆ ಗುರು. ‘ಕಲ್’ ಗುರುವಾಗಿದ್ದೇ ಕೋಡಾದಿಂದ, ಅದನ್ನು ಉಳಿಸಲು ‘ಲ್’ ಎರಡಾಯಿತು. ಕಾರು, ಬಸ್ಸು ಇವನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಎಷ್ಟೋ ಕಾಲದ ನಂತರ ಬಂದ ಪದಗಳು, ಲೆಕ್ಕ ಮಾತ್ರ ಅದೇ.

ಇದು ನಾಲಿಗೆಯ ಸೋಲಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಇಂಗ್ಲಿಷಿನಲ್ಲಿ knee ಪದದ k ಹಿಂದೆ ಉಚ್ಚಾರದಲ್ಲಿತ್ತು, ಈಗ ಆ ಭಾಷೆಯ ಆನ್‌ಸೆಟ್ ‘ಕ್ನ್’ ಒಪ್ಪುವುದಿಲ್ಲ. ಜರ್ಮನ್ನರು Knie ಅನ್ನುವಾಗ ಎರಡನ್ನೂ ಹೇಳುತ್ತಾರೆ. ಜಪಾನಿ ಆನ್‌ಸೆಟ್ ನಮ್ಮದಕ್ಕಿಂತ ಬಿಗಿ, strike ಅಲ್ಲಿ ‘ಸುತೊರೈಕು’. ಸೊನಾರಿಟಿಯೂ ಕಲ್ಲಿನ ಮೇಲಿನ ಶಾಸನವಲ್ಲ. ಇಂಗ್ಲಿಷಿನ ‘ಸ್ಕ್’ ಆನ್‌ಸೆಟ್ಟೇ ಅದನ್ನು ಮುರಿಯುತ್ತದೆ, ಯಾಕೆಂದರೆ ಸ್ವರದ ಕಡೆ ಹೋಗುವಾಗ ಏರಬೇಕಾದದ್ದು ಅಲ್ಲಿ ಇಳಿಯುತ್ತದೆ. ಜಾರ್ಜಿಯನ್ ಭಾಷೆಯಲ್ಲಂತೂ ತರಬೇತುದಾರನಿಗೆ mts'vrtneli ಅನ್ನುತ್ತಾರೆ, ಮೊದಲ ಸ್ವರ ಬರುವುದಕ್ಕೆ ಮುಂಚೆ ಆರು ವ್ಯಂಜನ.

ನೀವೂ ಪಟ್ಟಿ ಮಾಡುವುದಾದರೆ ಓದು ಬಲ್ಲವರ ಮಾತನ್ನು ಬೇರೆ ಇಡಿ. ಸಂಸ್ಕೃತ, ಇಂಗ್ಲಿಷ್ ಜಾಸ್ತಿ ಕೇಳಿದವರ ಆನ್‌ಸೆಟ್ ಸಡಿಲವಾಗಿದೆ, ಅವರು ‘ಸ್ಕೂಲು’ ಅಂತಲೇ ಹೇಳುತ್ತಾರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ನಿಯಮವೇ ಕಾಣುವುದಿಲ್ಲ.